ನಡಿಗೆ, ಖಿನ್ನತೆ ಮತ್ತು ಒಂದು ತೀರ್ಮಾನದ ವಾಕ್ಯ

ಆರೋಗ್ಯ ಸಂಶೋಧನೆ ಮಾಡುವ ತಂಡಗಳಿಗೆ ಅಂಕಿ-ಅಂಶಗಳ ವಿಶ್ಲೇಷಣೆ ಮಾಡಿಕೊಡುವುದು ನನ್ನ ಕೆಲಸ. ಲೆಕ್ಕ ಮುಗಿದ ಮೇಲೆ ನಾನು ಜಾಸ್ತಿ ಹೊತ್ತು ಕೂರುವುದು ವರದಿಯ ಕೊನೆಯ ಪ್ಯಾರಾದ ಮುಂದೆ. ಟೇಬಲ್‌ಗಳೆಲ್ಲ ಸರಿಯಾಗಿರುತ್ತವೆ. ಆದರೆ ತೀರ್ಮಾನದಲ್ಲಿ ಒಂದೇ ಒಂದು ಕ್ರಿಯಾಪದ ಬಂದು ಅಧ್ಯಯನ ಹೇಳದೇ ಇದ್ದದ್ದನ್ನು ಹೇಳಿಬಿಡುತ್ತದೆ. ಅಂಥ ಒಂದು ಪ್ಯಾರಾವನ್ನು ಹೇಗೆ ತಿದ್ದಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ತಂಡದ ಗುರುತು ಸಿಗಬಾರದು ಅಂತ ಅಂಕಿಗಳನ್ನು ಬದಲಿಸಿ, ಸುಲಭವಾಗಿ ಲೆಕ್ಕ ಹಾಕುವ ಹಾಗೆ ಇಟ್ಟಿದ್ದೇನೆ.

60 ದಾಟಿದ 600 ಜನರನ್ನು ಒಂದೇ ಸಲ ಭೇಟಿಯಾಗಿ ಮಾಡಿದ ಸಮೀಕ್ಷೆ ಅದು. ವಾರದ ಹೆಚ್ಚಿನ ದಿನ ಅರ್ಧ ಗಂಟೆಯಾದರೂ ನಡೀತೀರಾ ಅಂತ ಕೇಳಿದ್ದರು. ಅದೇ ಭೇಟಿಯಲ್ಲಿ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೂ ತುಂಬಿಸಿದ್ದರು. ಅದರಲ್ಲಿ 10 ಅಥವಾ ಹೆಚ್ಚು ಅಂಕ ಬಂದವರನ್ನು ಖಿನ್ನತೆಯ ಲಕ್ಷಣ ಇರುವವರು ಅಂತ ಗುರುತಿಸಿದ್ದರು. ನಡೆಯುವ 300 ಜನರಲ್ಲಿ 60 ಮಂದಿಗೆ, ನಡೆಯದ 300 ಜನರಲ್ಲಿ 90 ಮಂದಿಗೆ ಅಷ್ಟು ಅಂಕ ಬಂದಿತ್ತು. ಅಂದರೆ ಶೇ 20 ಮತ್ತು ಶೇ 30. ವಯಸ್ಸು, ಲಿಂಗ, ಓದು, ಒಂಟಿಯಾಗಿ ಇರುತ್ತಾರಾ ಎಂಬುದನ್ನೆಲ್ಲ ಮಾಡೆಲ್‌ಗೆ ಸೇರಿಸಿದ ಮೇಲೆ ಆಡ್ಸ್ ರೇಶಿಯೋ 0.70 ಬಂತು. ಲಕ್ಷಣ ಇದ್ದವರ ಸಂಖ್ಯೆಯನ್ನು ಇಲ್ಲದವರ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಆಡ್ಸ್, ಎರಡು ಗುಂಪುಗಳ ಆಡ್ಸ್‌ಗಳ ಅನುಪಾತವೇ ಆಡ್ಸ್ ರೇಶಿಯೋ.

ಕರಡಿನ ತೀರ್ಮಾನ ಹೀಗಿತ್ತು:

“ದಿನವೂ ಅರ್ಧ ಗಂಟೆ ನಡೆಯುವುದರಿಂದ ಹಿರಿಯರಲ್ಲಿ ಖಿನ್ನತೆಯ ಅಪಾಯ ಶೇ 30ರಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಹಿರಿಯರ ಚಿಕಿತ್ಸೆಯಲ್ಲಿ ನಡಿಗೆಯನ್ನು ಸೇರಿಸಬೇಕು.”

ಓದಲು ಎಷ್ಟು ಸಲೀಸು, ಅಲ್ವಾ? ಆದರೆ ಈ ಅಧ್ಯಯನದಲ್ಲಿ ಯಾರೂ ನಡೆಯಲು ಶುರು ಮಾಡಿದ್ದನ್ನು ನಾವು ನೋಡಿಲ್ಲ. ಯಾರ ಖಿನ್ನತೆಯೂ ಕಡಿಮೆಯಾದದ್ದನ್ನೂ ನೋಡಿಲ್ಲ. ಎರಡನ್ನೂ ಒಂದೇ ದಿನ ಕೇಳಿದ್ದೇವೆ, ಅಷ್ಟೇ. ಮನಸ್ಸು ಕುಗ್ಗಿದವರು ಹೊರಗೆ ಹೋಗುವುದನ್ನೇ ಬಿಟ್ಟಿರಬಹುದು. ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳಲ್ಲಿ ಒಂದು ಯಾವುದರಲ್ಲೂ ಆಸಕ್ತಿ ಇಲ್ಲದಿರುವುದರ ಬಗ್ಗೆ, ಇನ್ನೊಂದು ಸುಸ್ತಿನ ಬಗ್ಗೆ. ಅವೆರಡೂ ಇರುವ ಮನುಷ್ಯ ಚಪ್ಪಲಿ ಹಾಕಿಕೊಂಡು ಹೊರಡುವುದೇ ಕಷ್ಟ. ಇನ್ನು ಮಂಡಿನೋವು ಇದೆ. ಅದು ನಡಿಗೆಯನ್ನೂ ನಿಲ್ಲಿಸುತ್ತದೆ, ಮನಸ್ಸನ್ನೂ ಕುಗ್ಗಿಸುತ್ತದೆ. ಈ ಸಮೀಕ್ಷೆಯಲ್ಲಿ ಮಂಡಿನೋವಿನ ಬಗ್ಗೆ ಕೇಳಿರಲೇ ಇಲ್ಲ. ಕೇಳದ ಸಂಗತಿಯನ್ನು ಯಾವ ಮಾಡೆಲ್ಲೂ ಸರಿದೂಗಿಸಲಾರದು.

ಇದನ್ನೆಲ್ಲ ತಂಡದವರು ಒಪ್ಪುತ್ತಿದ್ದರು. ಮಿತಿಗಳ ಪ್ಯಾರಾದಲ್ಲಿ ಚೆನ್ನಾಗಿಯೇ ಬರೆದಿದ್ದರು. ಆದರೆ ಮಿತಿಗಳ ಪ್ಯಾರಾ ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ. ತೀರ್ಮಾನವನ್ನಷ್ಟೇ ಓದುವವರೇ ಜಾಸ್ತಿ.

ನಾನು ಮೊದಲು ಮಾಡುವುದು ಪೆನ್ಸಿಲ್ ಹಿಡಿದು ಕಾರಣ ಹೇಳುವ ಪದಗಳಿಗೆ ಗೆರೆ ಎಳೆಯುವುದು. ಕನ್ನಡದಲ್ಲಿ ಇದಕ್ಕೆ ಸ್ವಲ್ಪ ಹೆಚ್ಚಿನ ಎಚ್ಚರ ಬೇಕು. ಭಾಗವಹಿಸಿದವರಿಗೆ ಕೊಡುವ ಸಾರಾಂಶ ಕನ್ನಡದಲ್ಲೇ ಇತ್ತು, ಹಾಗಾಗಿ ಇದು ನಿಜವಾದ ತಲೆನೋವಾಯಿತು. ‘ಕಾರಣ’, ‘ಪರಿಣಾಮ’, ‘ಪ್ರಭಾವ’ ಇವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದವು ಪ್ರತ್ಯಯಗಳು. ‘ನಡೆಯುವುದರಿಂದ’ ಎಂಬುದರಲ್ಲಿರುವ ‘ಇಂದ’, ‘ನಡೆದರೆ ಕಡಿಮೆಯಾಗುತ್ತದೆ’ ಎಂಬುದರಲ್ಲಿರುವ ‘ರೆ’, ‘ತಗ್ಗಿಸುತ್ತದೆ’ ಎಂಬುದರಲ್ಲಿರುವ ‘ಇಸು’. ಮೂರೂ ಕಾರಣವನ್ನೇ ಹೇಳುತ್ತವೆ. ‘ಪರಿಣಾಮ’ ಅಂತ ಇದ್ದದ್ದನ್ನು ‘ಸಂಬಂಧ’ ಅಂತ ಬದಲಿಸಿ, ಪಕ್ಕದ ‘ಇಂದ’ವನ್ನು ಹಾಗೇ ಬಿಟ್ಟ ಎಷ್ಟೋ ಸಾರಾಂಶಗಳನ್ನು ನೋಡಿದ್ದೇನೆ. ಅಲ್ಲಿ ತಿದ್ದುಪಡಿ ಆಗಿಯೇ ಇಲ್ಲ.

ಇನ್ನೊಂದು ಇದಕ್ಕಿಂತ ನುಣುಪಾದದ್ದು: ‘ನಡಿಗೆ ಹೆಚ್ಚಾದಂತೆ ಲಕ್ಷಣಗಳು ಕಡಿಮೆಯಾಗುತ್ತವೆ’. ಇದರಲ್ಲಿ ಕಾರಣದ ಪದವೇ ಇಲ್ಲ ಅನಿಸುತ್ತದೆ. ಆದರೆ ‘ಹೆಚ್ಚಾದಂತೆ’ ಅಂದ ಕೂಡಲೇ ಒಬ್ಬನೇ ಮನುಷ್ಯ ಇವತ್ತಿಗಿಂತ ನಾಳೆ ಹೆಚ್ಚು ನಡೆಯುತ್ತಿರುವ ಚಿತ್ರ ಬರುತ್ತದೆ. ನಮ್ಮ ಹತ್ತಿರ ಇರುವುದು ಬೇರೆ ಬೇರೆ ಜನರ ನಡುವಿನ ವ್ಯತ್ಯಾಸ. ಒಬ್ಬರಲ್ಲೇ ಆದ ಬದಲಾವಣೆ ಅಲ್ಲ. ‘ಹೆಚ್ಚು ನಡೆಯುವವರಲ್ಲಿ ಲಕ್ಷಣಗಳು ಕಡಿಮೆ ಇದ್ದವು’ ಅಂದರೆ ಸರಿಹೋಗುತ್ತದೆ. ಆಗು, ಹೆಚ್ಚಾಗು, ಇಳಿ, ಏರು ಇಂಥ ಬದಲಾವಣೆಯ ಕ್ರಿಯಾಪದಗಳನ್ನು ತೆಗೆದು ‘ಇತ್ತು’, ‘ಇದ್ದವು’, ‘ಕಂಡುಬಂತು’ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಭೂತಕಾಲವೂ ಮುಖ್ಯ. ‘ಕಡಿಮೆ ಇರುತ್ತದೆ’ ಅಂದರೆ ಎಲ್ಲ ಕಡೆ, ಎಲ್ಲ ಕಾಲಕ್ಕೂ ಅಂತಾಯಿತು. ‘ಕಡಿಮೆ ಇತ್ತು’ ಅಂದರೆ ಈ 600 ಜನರಲ್ಲಿ.

‘ಅಪಾಯ’ ಎಂಬ ಪದವನ್ನೂ ತೆಗೆದೆವು. ಅಪಾಯ ಅನ್ನಬೇಕಾದರೆ ಖಿನ್ನತೆ ಇಲ್ಲದವರನ್ನು ಹಿಡಿದು, ಕಾಲ ಕಳೆದ ಮೇಲೆ ಯಾರಿಗೆ ಬಂತು ಅಂತ ನೋಡಿರಬೇಕು. ಒಂದೇ ಭೇಟಿಯಲ್ಲಿ ಗೊತ್ತಾಗುವುದು ಎಷ್ಟು ಮಂದಿಯಲ್ಲಿ ಇದೆ ಎಂಬುದಷ್ಟೇ. ಹಾಗೆಯೇ ‘ಖಿನ್ನತೆ’ ಹೋಗಿ ‘ಖಿನ್ನತೆಯ ಲಕ್ಷಣ’ ಬಂತು, ಯಾಕೆಂದರೆ ಪ್ರಶ್ನಾವಳಿಯ ಅಂಕ ವೈದ್ಯರ ರೋಗನಿರ್ಣಯ ಅಲ್ಲ.

ಶೇ 30ರ ಲೆಕ್ಕವನ್ನು ತಂಡದ ಜೊತೆ ಕೂತು ಕಾಗದದ ಮೇಲೆಯೇ ಮಾಡಿದೆವು. ಆಡ್ಸ್ ರೇಶಿಯೋ 0.70 ಅಂದರೆ ಕಡಿಮೆ ಇರುವುದು ಆಡ್ಸ್, ಜನರ ಶೇಕಡಾವಾರು ಅಲ್ಲ. ನಡೆಯದವರಲ್ಲಿ ಶೇ 30 ಇದ್ದಾಗ ಆಡ್ಸ್ ಅಂದರೆ 30 ಭಾಗಿಸು 70, ಸುಮಾರು 0.43. ಅದನ್ನು 0.70ರಿಂದ ಗುಣಿಸಿದರೆ 0.30. ವಾಪಸ್ ಶೇಕಡಾವಾರಿಗೆ ತಂದರೆ 0.30 ಭಾಗಿಸು 1.30, ಅಂದಾಜು ಶೇ 23. ಅಂದರೆ ಶೇ 30ಕ್ಕೆ ಎದುರಾಗಿ ಶೇ 23. ಇದು ಸುಮಾರು ಕಾಲು ಭಾಗ ಕಡಿಮೆ, ‘ಶೇ 30ರಷ್ಟು ಕಡಿಮೆ’ ಅಲ್ಲ. ಲಕ್ಷಣ ತೀರಾ ಅಪರೂಪವಾಗಿದ್ದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ಇಲ್ಲಿ ಮೂವರಲ್ಲಿ ಒಬ್ಬರ ಹತ್ತಿರಕ್ಕೆ ಇರುವುದರಿಂದ ಬರುವುದಿಲ್ಲ. ಆದ್ದರಿಂದ ತೀರ್ಮಾನದಲ್ಲಿ ಕಂಡ ಎರಡು ಶೇಕಡಾವಾರುಗಳನ್ನೇ ಇಟ್ಟೆವು. ಆಡ್ಸ್ ರೇಶಿಯೋ ಟೇಬಲ್‌ನಲ್ಲಿ ಉಳಿಯಿತು.

ಇಷ್ಟಾದ ಮೇಲೆ ತಂಡದ ಮುಖ್ಯಸ್ಥರು ಕೇಳಿದರು: “ಇಷ್ಟು ಮೆತ್ತಗೆ ಬರೆದರೆ ಯಾರು ಓದ್ತಾರೆ? ‘ಕಡಿಮೆ ಮಾಡಬಹುದು’ ಅಂತ ಹಾಕೋಣ. ‘ಬಹುದು’ ಇದೆಯಲ್ಲ, ಸಾಲದಾ?”

“ಡಾಕ್ಟ್ರೇ, ‘ಬಹುದು’ ಅಂದರೆ ನಮಗೆ ಖಚಿತ ಇಲ್ಲ ಅಂತ ಮಾತ್ರ ಆಗುತ್ತೆ,” ಅಂದೆ. “‘ಕಡಿಮೆ ಮಾಡು’ ಅನ್ನೋದು ಹಾಗೇ ಉಳಿಯುತ್ತೆ. ಓದುವವರು ‘ಬಹುದು’ ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೊಳ್ತಾರೆ.”

ಅವರು ತಕ್ಷಣ ಒಪ್ಪಲಿಲ್ಲ. ಆಗ ನಾನು ಹಾರ್ಮೋನ್ ಚಿಕಿತ್ಸೆಯ ವಿಷಯ ತೆಗೆದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದ ಹೆಂಗಸರಲ್ಲಿ ಹೃದಯದ ಕಾಯಿಲೆ ಕಡಿಮೆ ಅಂತ ಹಲವು ಅವಲೋಕನ ಅಧ್ಯಯನಗಳಲ್ಲಿ, ಅಂದರೆ ಸಂಶೋಧಕರು ತಾವಾಗಿ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುವ ಅಧ್ಯಯನಗಳಲ್ಲಿ, ಕಂಡಿತ್ತು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ನೋಡಿತು. 2002ರಲ್ಲಿ ಆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಹೃದಯಕ್ಕೆ ರಕ್ಷಣೆ ಕಾಣಲಿಲ್ಲ, ಹಾರ್ಮೋನ್ ಗುಂಪಿನಲ್ಲೇ ಹೃದಯದ ತೊಂದರೆ ಹೆಚ್ಚಿತ್ತು. ಎರಡೂ ಫಲಿತಾಂಶ ಯಾಕೆ ಬೇರೆಯಾದವು ಅಂತ ಆಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ಮೊದಲಿಂದಲೂ ಹೆಚ್ಚು ಆರೋಗ್ಯವಂತರಾಗಿದ್ದದ್ದು ಒಂದು ಕಾರಣ, ಚಿಕಿತ್ಸೆ ಶುರು ಮಾಡಿದ ವಯಸ್ಸು ಇನ್ನೊಂದು. ‘ತೆಗೆದುಕೊಳ್ಳುತ್ತಿದ್ದವರಲ್ಲಿ ಕಡಿಮೆ ಇತ್ತು’ ಎಂಬ ವಾಕ್ಯ ಇವತ್ತಿಗೂ ನಿಜ. ‘ಕಡಿಮೆ ಮಾಡುತ್ತದೆ’ ಎಂಬುದು ಉಳಿಯಲಿಲ್ಲ.

ಆಮೇಲೆ ನಾವು ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ ಇಟ್ಟೆವು. ವಾಕ್ಯವನ್ನು ತಿರುಗಿಸಿ ಓದಬೇಕು. ‘ಲಕ್ಷಣ ಇದ್ದವರಲ್ಲಿ ನಡೆಯುವವರು ಕಡಿಮೆ ಇದ್ದರು’. 150 ಜನರಲ್ಲಿ 60 ಮಂದಿ, ಅಂದರೆ ಶೇ 40. ಲಕ್ಷಣ ಇಲ್ಲದ 450 ಜನರಲ್ಲಿ 240 ಮಂದಿ, ಶೇ 53. ಅದೇ ದತ್ತಾಂಶ, ಅಷ್ಟೇ ನಿಜ. ಹೀಗೆ ತಿರುಗಿಸಿದರೂ ನಿಲ್ಲುವ ವಾಕ್ಯ ಸಂಬಂಧವನ್ನು ಹೇಳುತ್ತಿದೆ. ‘ನಡಿಗೆ ಖಿನ್ನತೆಯನ್ನು ತಗ್ಗಿಸುತ್ತದೆ’ ಎಂಬುದನ್ನು ತಿರುಗಿಸಿದರೆ ಬೇರೆಯೇ ಹೇಳಿಕೆಯಾಗುತ್ತದೆ. ಈ ಪರೀಕ್ಷೆ ಒಂದೇ ಸಲ ಕೇಳುವ ಸಮೀಕ್ಷೆಗೆ ಮಾತ್ರ ಹೊಂದುತ್ತದೆ. ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನದಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಅಂತ ಗೊತ್ತಿರುವುದರಿಂದ ಹಾಗೆ ತಿರುಗಿಸಲಾಗದು. ಅಲ್ಲಿ ‘ಅಪಾಯ’ ಎಂಬ ಪದವನ್ನೂ ಬಳಸಬಹುದು. ಆದರೆ ಮಂಡಿನೋವಿನಂಥ ಸಂಗತಿ ಅಲ್ಲೂ ಕಾಡುತ್ತದೆ.

‘ಸಂಬಂಧವಿದೆ’ ಅಂತ ಬರೆದು ಕೈ ತೊಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಯಾವ ಕಡೆಗೆ, ಎಷ್ಟು ಅಂತ ಏನೂ ಹೇಳುವುದಿಲ್ಲ ಅದು. ಇನ್ನೊಂದು ಮಾತೂ ಇದೆ. ತಂಡ ತಿಳಿಯಬೇಕು ಅಂತಿದ್ದದ್ದೇ ನಡಿಗೆ ಸಹಾಯ ಮಾಡುತ್ತದಾ ಎಂಬುದನ್ನು. ಅದನ್ನು ಮುಚ್ಚಿಡಬಾರದು. ಕಾರಣ ಹುಡುಕಲು ಹೊರಟ ಅಧ್ಯಯನಗಳು ಅದನ್ನು ‘ಸಂಬಂಧ’ ಎಂಬ ಪದದ ಹಿಂದೆ ಅಡಗಿಸಬಾರದು ಅಂತ ಎಪಿಡೆಮಿಯಾಲಜಿಸ್ಟ್ ಮಿಗೆಲ್ ಹೆರ್ನಾನ್ 2018ರಲ್ಲಿ ವಾದಿಸಿದ್ದರು. ನನಗೆ ಆ ವಾದ ಸರಿ ಅನಿಸುತ್ತದೆ. ಅದಕ್ಕೇ ಪೀಠಿಕೆಯಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಬರೆದೆವು. ತೀರ್ಮಾನದಲ್ಲಿ ಈ ಸಮೀಕ್ಷೆ ಅದಕ್ಕೆ ಎಲ್ಲಿಯವರೆಗೆ ಉತ್ತರ ಕೊಟ್ಟಿತು ಅಂತ ಬರೆದೆವು.

ಜಾಸ್ತಿ ಜಗ್ಗಾಟ ಆದದ್ದು ಕೊನೆಯ ಶಿಫಾರಸಿನ ವಾಕ್ಯಕ್ಕೆ. ಮೇಲಿನದ್ದೆಲ್ಲ ತಿದ್ದಿ ‘ಆದ್ದರಿಂದ ಹಿರಿಯರ ಚಿಕಿತ್ಸೆಯಲ್ಲಿ ನಡಿಗೆಯನ್ನು ಸೇರಿಸಬೇಕು’ ಅಂತ ಬಿಟ್ಟರೆ, ಬಾಗಿಲಲ್ಲಿ ತಡೆದ ಕಾರಣ ಕಿಟಕಿಯಿಂದ ಒಳಗೆ ಬಂದ ಹಾಗೆ. ನಡಿಗೆ ಫಲ ಕೊಡುತ್ತದೆ ಅಂತ ನಂಬಿದರೆ ಮಾತ್ರ ಆ ಶಿಫಾರಸಿಗೆ ಅರ್ಥ. ಹಿರಿಯರು ನಡೆಯಲಿ ಅನ್ನಲು ಬೇರೆ ಆಧಾರಗಳಿವೆ, ಅವು ಈ ಸಮೀಕ್ಷೆಯಿಂದ ಬಂದವಲ್ಲ. ಹಾಗಾಗಿ ‘ಆದ್ದರಿಂದ’ ತೆಗೆದು, ಮುಂದೆ ಯಾವ ಅಧ್ಯಯನ ಬೇಕು ಅಂತ ನಿಖರವಾಗಿ ಬರೆದೆವು. ಸುಮ್ನೆ ‘ಹೆಚ್ಚಿನ ಸಂಶೋಧನೆ ಅಗತ್ಯ’ ಅಂದರೆ ಯಾರಿಗೂ ಉಪಯೋಗವಿಲ್ಲ.

ಕೊನೆಗೆ ನಿಂತದ್ದು ಇದು:

“ಒಮ್ಮೆ ಮಾತ್ರ ನಡೆಸಿದ ಈ ಸಮೀಕ್ಷೆಯಲ್ಲಿ, ವಾರದ ಹೆಚ್ಚಿನ ದಿನ ಅರ್ಧ ಗಂಟೆ ನಡೆಯುತ್ತೇವೆ ಎಂದ ಹಿರಿಯರಲ್ಲಿ ಶೇ 20 ಮಂದಿಗೆ ಮತ್ತು ಹಾಗೆ ನಡೆಯುವುದಿಲ್ಲ ಎಂದವರಲ್ಲಿ ಶೇ 30 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ವಯಸ್ಸು, ಲಿಂಗ, ಓದು ಮತ್ತು ಒಂಟಿ ವಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು, ಆದರೆ ಕಿರಿದಾಯಿತು. ಖಿನ್ನತೆಯ ಲಕ್ಷಣಗಳಿದ್ದವರು ನಡೆಯುವುದನ್ನು ಬಿಟ್ಟಿರುವ ಸಾಧ್ಯತೆಯನ್ನೂ, ಮಂಡಿನೋವಿನಂತಹ ಅಳೆಯದ ಕಾರಣಗಳನ್ನೂ ಈ ಅಧ್ಯಯನ ತಳ್ಳಿಹಾಕಲಾರದು. ಲಕ್ಷಣಗಳಿಲ್ಲದ ಹಿರಿಯರನ್ನು ನಡಿಗೆ ಮತ್ತು ಕೀಲುನೋವಿನ ವಿವರಗಳೊಂದಿಗೆ ಹಲವು ವರ್ಷ ಹಿಂಬಾಲಿಸುವ ಅಧ್ಯಯನ ಇದನ್ನು ಬಿಡಿಸಬಲ್ಲದು.”

ಇದೇ ತಿದ್ದುಪಡಿಯನ್ನು ಶೀರ್ಷಿಕೆಗೂ ಮಾಡಬೇಕಾಯಿತು. ಅಲ್ಲಿ ‘ಹಿರಿಯರ ಖಿನ್ನತೆಯ ಮೇಲೆ ನಡಿಗೆಯ ಪರಿಣಾಮ’ ಅಂತ ಇತ್ತು. ‘ಹಿರಿಯರಲ್ಲಿ ನಡಿಗೆ ಮತ್ತು ಖಿನ್ನತೆಯ ಲಕ್ಷಣಗಳು: ಒಂದು ಸಮೀಕ್ಷೆ’ ಅಂತ ಮಾಡಿದೆವು. ಅಧ್ಯಯನದ ಬಗೆ ಯಾವುದು ಎಂಬುದು ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಇರಬೇಕು ಅಂತ ಅವಲೋಕನ ಅಧ್ಯಯನಗಳಿಗಾಗಿ ಇರುವ ಸ್ಟ್ರೋಬ್ ಮಾರ್ಗಸೂಚಿಯ ಮೊದಲ ಅಂಶವೇ ಹೇಳುತ್ತದೆ. ಪತ್ರಿಕೆಗಳಿಗೆ ಕಳಿಸುವ ಟಿಪ್ಪಣಿಯನ್ನು ನಾವೇ ಬರೆದುಕೊಟ್ಟೆವು. ಅದರಲ್ಲಿ ‘ನಡೆದರೆ’ ಎಂಬ ಪದ ಎಲ್ಲೂ ಬರದ ಹಾಗೆ ನೋಡಿಕೊಂಡೆವು.