ಬಿಸಿ ತಾಗಿದರೆ ಗಿಡ್ಡವಾಗುವ ರಬ್ಬರ್ ಬ್ಯಾಂಡ್

ಪಿಯುಸಿ ಮಕ್ಕಳಿಗೆ ಎಂಟ್ರೋಪಿಯ ಪಾಠ ಮಾಡುವ ಮುನ್ನ ನಾನು ಪ್ರತಿ ವರ್ಷವೂ ಒಬ್ಬೊಬ್ಬರ ಕೈಗೆ ಒಂದೊಂದು ಅಗಲವಾದ ರಬ್ಬರ್ ಬ್ಯಾಂಡ್ ಕೊಡುತ್ತೇನೆ. ಅದನ್ನು ಸರಕ್ಕನೆ ನಾಲ್ಕು ಪಟ್ಟು ಎಳೆದು ಮೇಲ್ದುಟಿಗೆ ತಾಗಿಸಿದರೆ ಬೆಚ್ಚಗಿರುವುದು ತಿಳಿಯುತ್ತದೆ. ಎಳೆದ ಹಾಗೆಯೇ ಅರ್ಧ ನಿಮಿಷ ಹಿಡಿದಿದ್ದು, ಆ ಬಿಸಿ ಆರಿದ ಮೇಲೆ ಒಮ್ಮೆಲೇ ಸಡಿಲಿಸಿ ಮತ್ತೆ ತುಟಿಗೆ ಮುಟ್ಟಿಸಿದರೆ ತಣ್ಣಗಿರುತ್ತದೆ. 1805ರಲ್ಲಿ ಇದನ್ನು ವರದಿ ಮಾಡಿದ ಇಂಗ್ಲೆಂಡಿನ ಜಾನ್ ಗಫ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರೂ ತುಟಿಯಿಂದಲೇ ಪರೀಕ್ಷಿಸಿದ್ದರು. ಎರಡನೆಯ ಹಂತವನ್ನು ನಾನು ಎಂದೂ ಬಿಡುವುದಿಲ್ಲ, ಏಕೆಂದರೆ ಬಿಸಿಗೆ ಒಳಗಿನ ಘರ್ಷಣೆಯೇ ಕಾರಣವಾಗಿದ್ದರೆ ಸಡಿಲಿಸುವಾಗಲೂ ಬ್ಯಾಂಡ್ ಬೆಚ್ಚಗಾಗಬೇಕಿತ್ತೇ ಹೊರತು ತಣ್ಣಗಾಗುತ್ತಿರಲಿಲ್ಲ.

ಉಕ್ಕಿನ ಸ್ಪ್ರಿಂಗನ್ನು ಎಳೆದಾಗ ನಾವು ಮಾಡಿದ ಕೆಲಸವು ಪರಮಾಣುಗಳ ಬಂಧಗಳಲ್ಲಿ ಶಕ್ತಿಯಾಗಿ ಉಳಿಯುತ್ತದೆ. ರಬ್ಬರಿನಲ್ಲಿ ಹಾಗಲ್ಲ. ಅದರ ಉದ್ದನೆಯ ಸರಪಳಿಯಂಥ ಅಣುಗಳು ಎಳೆಯದೆ ಇರುವಾಗ ಲೆಕ್ಕವಿಲ್ಲದಷ್ಟು ಬಗೆಗಳಲ್ಲಿ ಮುದುಡಿಕೊಂಡಿರಬಲ್ಲವು. ಎಳೆದಾಗ ಒಂದೇ ದಿಕ್ಕಿಗೆ ಸಾಲುಗೊಳ್ಳುವುದರಿಂದ ಆ ಬಗೆಗಳು ಕಡಿಮೆಯಾಗುತ್ತವೆ, ಅಂದರೆ ಎಂಟ್ರೋಪಿ ಇಳಿಯುತ್ತದೆ. ಬಂಧಗಳು ಹೆಚ್ಚೇನೂ ಹಿಗ್ಗದ ಕಾರಣ ಕೈ ಮಾಡಿದ ಕೆಲಸದ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ಮತ್ತೆ ಮುದುಡಿಕೊಳ್ಳಲು ಅಣುಗಳನ್ನು ದೂಡುವುದು ಶಾಖದ ಚಲನೆಯೇ ಆದ್ದರಿಂದ, ಬ್ಯಾಂಡಿನ ಸೆಳೆತವು ಕೆಲ್ವಿನ್ ಉಷ್ಣತೆಗೆ ಅನುಪಾತದಲ್ಲಿ ಹೆಚ್ಚುತ್ತದೆ.

ಇದನ್ನು ಅಳೆದು ತೋರಿಸಲು ಹೋದಾಗ ಮೊದಲ ಸಲ ನಾನು ಸೋತೆ. 8 ಸೆಂ.ಮೀ. ಉದ್ದದ ಸಪೂರ ಬ್ಯಾಂಡಿಗೆ 50 ಗ್ರಾಂ ತೂಕ ತೂಗುಹಾಕಿ ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಬಿಟ್ಟರೆ ತೂಕ ಮೇಲೇರಲೇ ಇಲ್ಲ, ಕೂದಲೆಳೆಯಷ್ಟು ಕೆಳಗಿಳಿಯಿತು. ಬ್ಯಾಂಡ್ ಕೇವಲ ಏಳು ಶೇಕಡಾ ಹಿಗ್ಗಿತ್ತು; ಸುಮಾರು ಹತ್ತು ಶೇಕಡಾಕ್ಕಿಂತ ಕಡಿಮೆ ಹಿಗ್ಗಿದ ರಬ್ಬರಿನಲ್ಲಿ ಎಲ್ಲ ವಸ್ತುಗಳಿಗೂ ಇರುವ ಸಾಮಾನ್ಯ ಉಷ್ಣ ವಿಕಾಸವೇ ಮೇಲುಗೈ ಪಡೆಯುತ್ತದೆ.

ಮರುದಿನ ಅರ್ಧ ಕಿಲೋ ತೂಕ ಹಾಕಿದೆ. ಆಗ ಬ್ಯಾಂಡ್ ತಾನಾಗಿಯೇ ನಿಧಾನವಾಗಿ ಜಗ್ಗುತ್ತಲೇ ಇದ್ದುದರಿಂದ ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ಉದ್ದ 20 ಸೆಂ.ಮೀ.ಗೆ ನಿಂತ ಮೇಲೆ ಬಿಸಿ ಮಾಡಿದೆ. ಹಿಗ್ಗಿದ ಪಟ್ಟನ್ನು λ, ಕೆಲ್ವಿನ್ ಉಷ್ಣತೆಯನ್ನು T ಎಂದುಕೊಂಡರೆ ಸೆಳೆತವು T(λ − 1/λ²)ಕ್ಕೆ ಅನುಪಾತದಲ್ಲಿರುತ್ತದೆ. ಕೋಣೆಯ 300 ಕೆಲ್ವಿನ್‌ನಲ್ಲಿ λ 2.5 ಆಗಿದ್ದರೆ ಆವರಣದೊಳಗಿನ ಬೆಲೆ 2.34, ತೂಕ ಬದಲಾಗದೆ ಉಷ್ಣತೆ 330ಕ್ಕೆ ಏರಿದಾಗ ಆ ಬೆಲೆ 2.13ಕ್ಕೆ ಇಳಿಯಬೇಕು, ಎಂದರೆ λ ಸುಮಾರು 2.31 ಆಗಿ ಉದ್ದ 18.5 ಸೆಂ.ಮೀ.ಗೆ ಬರಬೇಕು. ನನ್ನ ಸೂಚಿಮುಳ್ಳು ಒಂದೂವರೆಯ ಬದಲು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಏರಿತು. ಬಿಸಿಗಾಳಿ ಬ್ಯಾಂಡಿನ ಎರಡೂ ತುದಿಗಳನ್ನು ಸರಿಯಾಗಿ ಮುಟ್ಟುತ್ತಿರಲಿಲ್ಲವಾದ್ದರಿಂದ ಈ ಕೊರತೆ ನನಗೆ ಸಹಜವೆನಿಸಿತು. ಡ್ರೈಯರ್ ಆರಿಸಿದ ಮೇಲೆ ಮುಳ್ಳು ಹಿಂದಿನ ಗುರುತಿಗೇ ಮರಳಿತು. ಅದಕ್ಕಿಂತ ಕೆಳಗೆ ನಿಂತಿದ್ದರೆ ಜಗ್ಗುವಿಕೆ ಇನ್ನೂ ಮುಗಿದಿಲ್ಲವೆಂದು ತಿಳಿದು ಆ ಅಳತೆಯನ್ನು ಕೈಬಿಡುತ್ತಿದ್ದೆ.