ಗ್ರಾಫಿನಲ್ಲಿ ಚಪ್ಪಟೆ ಕಂಡದ್ದೆಲ್ಲ ತಟಸ್ಥವಲ್ಲ: ಒಂದು ಸ್ಪ್ರಿಂಗ್, ಒಂದು ಗಾಡಿ, ಮೂರು ಬಗೆಯ ಸಮತೋಲನ

ಪ್ರಚ್ಛನ್ನ ಶಕ್ತಿಯ ವಕ್ರರೇಖೆ ನೋಡಿ ಸಮತೋಲನ ಗುರುತಿಸುವುದನ್ನು ಪಿಯುಸಿ ಮಕ್ಕಳಿಗೆ ಹೇಳಿಕೊಡುವಾಗ ಗುಡ್ಡ, ಕಣಿವೆ, ಗೋಲಿ ಇಟ್ಟುಕೊಂಡು ಹೊರಟರೆ ನಮ್ಮ ಮಲೆನಾಡಿನಲ್ಲಿ ಕೆಲಸ ಬೇಗ ಮುಗಿಯುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಏರು ಇಳಿತ ಹೊಸದೇನಲ್ಲ. ತೊಂದರೆ ಆಮೇಲೆ ಬರುತ್ತದೆ. ರೇಖೆಯಲ್ಲಿ ಉಬ್ಬು ಕಂಡಲ್ಲೆಲ್ಲ ನೆಲವೂ ಉಬ್ಬಿದೆ ಎಂದೇ ಅವರು ತಿಳಿಯುತ್ತಾರೆ. ಅದಕ್ಕೇ ನಾನು ಬಳಸುವ ಸಾಧನದಲ್ಲಿ ಹಳಿ ಪೂರ್ತಿ ಮಟ್ಟವಾಗಿರುತ್ತದೆ, ಏರು ಇಳಿತವೆಲ್ಲ ಸ್ಪ್ರಿಂಗಿನಲ್ಲಿರುತ್ತದೆ. "ಸಾರ್, ಇಲ್ಲಿ ಗುಡ್ಡ ಎಲ್ಲಿದೆ?" ಎಂದು ಯಾರಾದರೂ ಕೇಳಿದರೆ ಪಾಠ ಸರಿಯಾದ ಜಾಗಕ್ಕೆ ಬಂತೆಂದು ಲೆಕ್ಕ.

ಬೇಕಾದ ಸಾಮಾನು ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ. ಸ್ಲೈಡಿಂಗ್ ಕಿಟಕಿಗೆ ಹಾಕುವ, ಎರಡು ಹಳಿ ಇರುವ ಅಲ್ಯೂಮಿನಿಯಂ ಟ್ರ್ಯಾಕ್ ಒಂದು ಮೀಟರ್. ಅದರ ಮೇಲೆ ಓಡುವ ಬೇರಿಂಗ್ ರೋಲರ್ ನಾಲ್ಕು. ರೋಲರ್‌ಗಳನ್ನು ಒಂದು ಮರದ ತುಂಡಿನ ಅಡಿಗೆ ಕೂರಿಸಿ, ಮೇಲೆ ವಾಷರ್ ಸೇರಿಸಿ ಒಟ್ಟು ತೂಕ 200 ಗ್ರಾಂ ಮಾಡುತ್ತೇನೆ. ಸ್ಪ್ರಿಂಗ್ ಮಾತ್ರ ನೋಡಿ ಆರಿಸಬೇಕು. ಸುರುಳಿಗಳ ನಡುವೆ ಸಂದು ಇರುವ, ಒತ್ತಿದರೆ ಕುಗ್ಗುವ ಮೆತ್ತನೆಯ ಸ್ಪ್ರಿಂಗ್ ಬೇಕು. ಸಹಜ ಉದ್ದ 20 ಸೆಂ.ಮೀ. ಒಂದು ತುದಿಯಿಂದ ತೂಗುಹಾಕಿ 100 ಗ್ರಾಂ ಕಟ್ಟಿದಾಗ ಸುಮಾರು 4.9 ಸೆಂ.ಮೀ. ಹಿಗ್ಗಿದರೆ ಅದರ ಸ್ಥಿರಾಂಕ ಮೀಟರಿಗೆ 20 ನ್ಯೂಟನ್. ಇಷ್ಟುದ್ದದ ಮೆತ್ತನೆಯ ಸ್ಪ್ರಿಂಗ್ ಒತ್ತಿದೊಡನೆ ಪಕ್ಕಕ್ಕೆ ಬಾಗಿಬಿಡುತ್ತದೆ. ಹಾಗಾಗದಂತೆ ಒಳಗೆ ಹಳೆಯ ರೇಡಿಯೊದ ಎಳೆದು ಮಡಚುವ ಏರಿಯಲ್ ತೂರಿಸುತ್ತೇನೆ.

ಜೋಡಣೆ ಹೀಗೆ. ಟ್ರ್ಯಾಕನ್ನು ಮೇಜಿನ ಮೇಲೆ ರಸಮಟ್ಟ ಇಟ್ಟು ಸಮ ಮಾಡಿ ಕೂರಿಸಬೇಕು. ಟ್ರ್ಯಾಕಿನ ಮಧ್ಯಬಿಂದುವಿನ ನೇರಕ್ಕೆ, ಪಕ್ಕದಲ್ಲಿ 16 ಸೆಂ.ಮೀ. ದೂರದಲ್ಲಿ, ಗಾಡಿಯ ಎತ್ತರಕ್ಕೇ ಒಂದು ಗೂಟ. ಸ್ಪ್ರಿಂಗಿನ ಒಂದು ತುದಿ ಗೂಟಕ್ಕೆ, ಇನ್ನೊಂದು ಗಾಡಿಗೆ. ಎರಡು ತುದಿಯೂ ಸಲೀಸಾಗಿ ತಿರುಗುವಂತಿರಬೇಕು. ಮಧ್ಯದಿಂದ ಗಾಡಿ ಇರುವ ದೂರ x, ಗೂಟದ ದೂರ d. ಆಗ ಸ್ಪ್ರಿಂಗಿನ ಉದ್ದ √(d² + x²). ಸಹಜ ಉದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸದಿಂದ ಶಕ್ತಿ ಸಿಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ A ಕಾಲಂನಲ್ಲಿ x ಅನ್ನು ಮೀಟರಿನಲ್ಲಿ ಹಾಕಿ, ಉತ್ತರ ಮಿಲಿಜೌಲಿನಲ್ಲಿ ಬರಲು ನಾನು ಬರೆಯುವುದು ಇಷ್ಟೆ:

```
=0.5*20*(SQRT(0.16^2+A2^2)-0.20)^2*1000
```

x ಸೊನ್ನೆ ಇದ್ದಾಗ 16 ಮಿಲಿಜೌಲ್. 4 ಸೆಂ.ಮೀ.ಗೆ 12.3, 8ಕ್ಕೆ 4.46, 12ಕ್ಕೆ ಸೊನ್ನೆ, 16ಕ್ಕೆ 6.9, 20ಕ್ಕೆ 31.5. ಎಡಗಡೆಗೂ ಇವೇ ಅಂಕಿಗಳು. ಗ್ರಾಫ್ ಎಳೆದರೆ ನಡುವೆ ಒಂದು ಉಬ್ಬು, ಎರಡೂ ಪಕ್ಕ 12 ಸೆಂ.ಮೀ.ನಲ್ಲಿ ಒಂದೊಂದು ತಗ್ಗು.

ಇನ್ನು ಓದುವ ಕೆಲಸ. ಎರಡನೇ ಡೆರಿವೇಟಿವ್ ಧನವಾದರೆ ಸ್ಥಿರ, ಋಣವಾದರೆ ಅಸ್ಥಿರ, ಸೊನ್ನೆಯಾದರೆ ತಟಸ್ಥ ಎಂಬ ಮೂರು ಸಾಲನ್ನು ಮಕ್ಕಳು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಮೂರನೆಯದು ತಪ್ಪು. ಹಾಗಾಗಿ ಮೊದಲು ಬಾಣ ಹಾಕಿಸುತ್ತೇನೆ. ಬಲ ಎಂದರೆ ರೇಖೆಯ ಇಳಿಜಾರಿನ ಋಣ ಬೆಲೆ, ಅಂದರೆ ಶಕ್ತಿ ಯಾವ ಕಡೆಗೆ ಕಡಿಮೆಯಾಗುತ್ತದೋ ಬಲವೂ ಆ ಕಡೆಗೆ. ಇಳಿಜಾರು ಸೊನ್ನೆ ಇರುವ ಬಿಂದುವನ್ನು ಗುರುತಿಸಿ, ಅದರ ಎಡಕ್ಕೊಂದು ಬಲಕ್ಕೊಂದು ಬಾಣವನ್ನು x ಅಕ್ಷದ ಮೇಲೇ ಎಳೆಯಬೇಕು, ರೇಖೆಯ ಮೇಲಲ್ಲ. ಬಾಣಗಳು ಎದುರುಬದುರಾಗಿ ಬಿಂದುವಿನ ಕಡೆ ಮುಖ ಮಾಡಿದರೆ ಸ್ಥಿರ. ಬೆನ್ನು ಹಾಕಿ ನಿಂತರೆ ಅಸ್ಥಿರ. ಎರಡೂ ಕಡೆ ಸ್ವಲ್ಪ ದೂರದವರೆಗೆ ಬಾಣ ಎಳೆಯಲು ಬಲವೇ ಇಲ್ಲದಿದ್ದರೆ ತಟಸ್ಥ. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಅದೂ ಅಸ್ಥಿರವೇ: ಒಂದು ಕಡೆ ತಳ್ಳಿದರೆ ವಾಪಸು ಬಂದರೂ ಇನ್ನೊಂದು ಕಡೆ ಹೋದದ್ದು ಹೋದಂತೆಯೇ.

ಎಷ್ಟು ಗಟ್ಟಿಯಾಗಿ ಸ್ಥಿರ ಎಂಬುದಕ್ಕೆ ಬಾಣ ಸಾಲದು, ವಕ್ರತೆ ಬೇಕು. ಕೋಷ್ಟಕದಿಂದಲೇ ತೆಗೆಯಬಹುದು. ಬಿಂದುವಿನ ಎರಡು ಪಕ್ಕದ ಬೆಲೆ ಕೂಡಿಸಿ, ನಡುವಿನದರ ಎರಡರಷ್ಟು ಕಳೆದು, ಅಂತರದ ವರ್ಗದಿಂದ ಭಾಗಿಸುವುದು. 12 ಸೆಂ.ಮೀ.ನಲ್ಲಿ 4.46 ಮತ್ತು 6.9 ಕೂಡಿಸಿದರೆ 11.36 ಮಿಲಿಜೌಲ್, 0.04 ಮೀಟರಿನ ವರ್ಗದಿಂದ ಭಾಗಿಸಿದರೆ ಮೀಟರಿಗೆ 7.1 ನ್ಯೂಟನ್. ನಿಖರ ಲೆಕ್ಕ 7.2. ನಡುವಿನ ಉಬ್ಬಿನಲ್ಲಿ ಇದೇ ರೀತಿ ಮಾಡಿದರೆ ಋಣ 4.6 ಬರುತ್ತದೆ, ನಿಖರ ಬೆಲೆ ಋಣ 5. ಅಂತರ ದೊಡ್ಡದಾದದ್ದರಿಂದ ಇಷ್ಟು ವ್ಯತ್ಯಾಸ, 1 ಸೆಂ.ಮೀ.ಗೆ ಇಳಿಸಿದರೆ ಹೊಂದಿಕೊಳ್ಳುತ್ತದೆ. ಗಾಡಿಯನ್ನು 12ರಲ್ಲಿಟ್ಟು ಒಂದು ಸೆಂ.ಮೀ. ಸರಿಸಿ ಬಿಟ್ಟರೆ ತೂಗಾಡುತ್ತದೆ. 7.2 ಅನ್ನು 0.2 ಕೆ.ಜಿ.ಯಿಂದ ಭಾಗಿಸಿದರೆ 36, ಅದರ ವರ್ಗಮೂಲ 6, ಹಾಗಾಗಿ ಒಂದು ಸುತ್ತಿಗೆ 1.05 ಸೆಕೆಂಡ್. ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಇದಕ್ಕಿಂತ ತುಸು ಹೆಚ್ಚೇ ಬರುತ್ತದೆ, ಏಕೆಂದರೆ ಸ್ಪ್ರಿಂಗು, ಏರಿಯಲ್ಲು ಸಹ ಗಾಡಿಯ ಜೊತೆ ಅಲುಗಾಡುತ್ತವೆ.

ಅದೇ ಗ್ರಾಫಿನಲ್ಲಿ 16 ಮಿಲಿಜೌಲಿಗೆ ಅಡ್ಡಗೆರೆ ಎಳೆದರೆ ಅದು ರೇಖೆಯನ್ನು ಹೊರಗಡೆ 17.9 ಸೆಂ.ಮೀ.ನಲ್ಲಿ ಮುಟ್ಟುತ್ತದೆ. ಅದಕ್ಕಿಂತ ಒಳಗಿನಿಂದ ಕೈಬಿಟ್ಟ ಗಾಡಿ ತನ್ನ ಕಡೆಯ ತಗ್ಗಿನಲ್ಲೇ ಉಳಿಯುತ್ತದೆ. ಆಚೆಯಿಂದ ಬಿಟ್ಟರೆ ಉಬ್ಬು ದಾಟಿ ಎದುರು ಕಡೆಗೆ ಹೋಗಬೇಕು. ರೋಲರಿನಲ್ಲಿ ಒಂದಿಷ್ಟು ಶಕ್ತಿ ಸೋರುವುದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೊರಗಿನಿಂದ ಬಿಡಬೇಕಾಗುತ್ತದೆ.

ಈಗ ಗೂಟವನ್ನು 16ರಿಂದ 20 ಸೆಂ.ಮೀ.ಗೆ ಸರಿಸೋಣ, ಅಂದರೆ ಸ್ಪ್ರಿಂಗಿನ ಸಹಜ ಉದ್ದಕ್ಕೇ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಇಲ್ಲಿದೆ. ಎರಡು ತಗ್ಗುಗಳು ನಡುವಿಗೆ ಬಂದು ಕೂಡಿಕೊಳ್ಳುತ್ತವೆ. 2 ಸೆಂ.ಮೀ.ನಲ್ಲಿ ಶಕ್ತಿ ಬರೇ 0.01 ಮಿಲಿಜೌಲ್, 4ರಲ್ಲಿ 0.16, 8ರಲ್ಲಿ 2.37. ಗ್ರಾಫ್ ಹಾಳೆಯಲ್ಲಿ ಒಂದು ಸೆಂ.ಮೀ.ಗೆ 2 ಮಿಲಿಜೌಲ್ ಎಂದು ಅಳತೆ ಇಟ್ಟರೆ ಎರಡೂ ಕಡೆ 4 ಸೆಂ.ಮೀ.ವರೆಗೆ ರೇಖೆ ಅಕ್ಷಕ್ಕೆ ಅಂಟಿಕೊಂಡೇ ಇರುತ್ತದೆ. ನಡುವೆ ಎರಡನೇ ಡೆರಿವೇಟಿವ್ ಕೂಡ ಸರಿಯಾಗಿ ಸೊನ್ನೆ. ಹೆಚ್ಚುಕಡಿಮೆ ಇಡೀ ತರಗತಿ "ತಟಸ್ಥ" ಎಂದು ಬರೆಯುತ್ತದೆ. ಆದರೆ ಬಾಣ ಹಾಕಿ ನೋಡಿ: ಎಷ್ಟೇ ಸಣ್ಣದಿರಲಿ, ಎರಡೂ ನಡುವಿನ ಕಡೆಗೇ ಇವೆ. ಇದು ಸ್ಥಿರ ಸಮತೋಲನ. ದೂರ ದುಪ್ಪಟ್ಟಾದಾಗ ಶಕ್ತಿ 0.16ರಿಂದ 2.37ಕ್ಕೆ, ಅಂದರೆ ಸುಮಾರು 15 ಪಟ್ಟು ಏರಿತು. ಮಾಮೂಲಿ ತಗ್ಗಿನಲ್ಲಿ 4 ಪಟ್ಟು ಏರುತ್ತಿತ್ತು. ಇಲ್ಲಿ ಶಕ್ತಿ x ನ ನಾಲ್ಕನೇ ಘಾತದಂತೆ ನಡೆಯುತ್ತದೆ. ಎರಡನೇ ಡೆರಿವೇಟಿವ್ ಸೊನ್ನೆ ಬಂದರೆ ಉತ್ತರ ಇನ್ನೂ ಸಿಕ್ಕಿಲ್ಲ, ಮುಂದಿನ ಘಾತ ನೋಡಬೇಕು ಎಂದಷ್ಟೇ ಅರ್ಥ.

ನಿಜವಾದ ತಟಸ್ಥ ತೋರಿಸಬೇಕಾದರೆ ಗೂಟವನ್ನು ಮತ್ತೆ 16ಕ್ಕೆ ತಂದು, ಸ್ಪ್ರಿಂಗ್ ತೆಗೆದು ಅಷ್ಟೇ ಉದ್ದದ ಎಲಾಸ್ಟಿಕ್ ದಾರ ಕಟ್ಟುತ್ತೇನೆ. ಎಲಾಸ್ಟಿಕ್ ಎಳೆಯಬಲ್ಲದು, ತಳ್ಳಲಾರದು. ಎಡ 12ರಿಂದ ಬಲ 12ರವರೆಗೆ ಅದು ಜೋತುಬಿದ್ದಿರುತ್ತದೆ, ಶಕ್ತಿ ಅಷ್ಟೂ ದೂರ ಸೊನ್ನೆ. ಅದರಾಚೆ ರೇಖೆ ಏರುತ್ತದೆ. ಒಳಗೆ ಎಲ್ಲಿಟ್ಟರೂ ಗಾಡಿ ಅಲ್ಲೇ ನಿಲ್ಲುತ್ತದೆ. ತುದಿಯ 12 ಮಾತ್ರ ವಿಚಿತ್ರ ಜಾಗ: ಹೊರಗೆ ಎಳೆದರೆ ಹಿಂದಕ್ಕೆ ತರುತ್ತದೆ, ಒಳಗೆ ತಳ್ಳಿದರೆ ಕೇಳುವವರಿಲ್ಲ.

ಈ ಮೂರನ್ನೂ ಬರಿಗಣ್ಣಲ್ಲಿ ಬೇರೆ ಮಾಡುವುದು ಕಷ್ಟ, ಕಾರಣ ಘರ್ಷಣೆ. ರೋಲರ್ ಬದಲು ಒಣ ಸರಳಿನ ಮೇಲೆ ಜಾರುವ ತುಂಡು ಹಾಕಿದರೆ, ಘರ್ಷಣೆಯ ಗುಣಾಂಕ 0.2 ಎಂದಿಟ್ಟುಕೊಂಡರೂ 200 ಗ್ರಾಂ ತೂಕಕ್ಕೆ ಸುಮಾರು 0.4 ನ್ಯೂಟನ್ ತಡೆ ಇರುತ್ತದೆ. 16 ಸೆಂ.ಮೀ. ಜೋಡಣೆಯಲ್ಲಿ ಉಬ್ಬಿಗೂ ತಗ್ಗಿಗೂ ನಡುವೆ ಗರಿಷ್ಠ ಬಲ 0.21 ನ್ಯೂಟನ್ ಅಷ್ಟೆ. ಹಾಗಾದರೆ ಉಬ್ಬಿನ ನೆತ್ತಿಯಿಂದ ತಗ್ಗಿನವರೆಗೆ ಎಲ್ಲಿಟ್ಟರೂ ಅದು ನಿಂತುಬಿಡುತ್ತದೆ, ಎಲ್ಲವೂ ತಟಸ್ಥವೇ ಎಂಬಂತೆ. ಮಳೆಗಾಲದಲ್ಲಿ ಕಬ್ಬಿಣದ ಸರಳಿಗೆ ತುಕ್ಕು ಹಿಡಿದರಂತೂ ಮುಗಿಯಿತು. ಅಲ್ಯೂಮಿನಿಯಂ ಟ್ರ್ಯಾಕಿಗೆ ಹೋಗಿರುವುದು ಇದಕ್ಕೇ.

ಸಂಶಯ ಬಂದಾಗ ನಾನು ಮಾಡುವ ಪರೀಕ್ಷೆ ಹಳಿಯನ್ನು ಓರೆ ಮಾಡುವುದು. ಒಂದು ಮೀಟರ್ ಟ್ರ್ಯಾಕಿನ ಒಂದು ತುದಿಗೆ 1.75 ಸೆಂ.ಮೀ. ದಪ್ಪದ ಹಲಗೆ ಕೊಟ್ಟರೆ ಒಂದು ಡಿಗ್ರಿ. ಗಾಡಿಯ ಮೇಲೆ 0.034 ನ್ಯೂಟನ್ ಹೆಚ್ಚುವರಿ ಬಲ ಬೀಳುತ್ತದೆ, ಅಂದರೆ ಇಡೀ ರೇಖೆಗೆ ಒಂದು ಇಳಿಜಾರು ಸೇರಿದಂತೆ. ಟ್ರ್ಯಾಕನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಇರಬೇಕು, ರೋಲರ್ ಹಿಡಿದಿದ್ದರೆ ಬಿಡುತ್ತದೆ. 12 ಸೆಂ.ಮೀ.ನ ತಗ್ಗಿನಲ್ಲಿದ್ದ ಗಾಡಿ ಸುಮಾರು ಅರ್ಧ ಸೆಂ.ಮೀ. ಸರಿದು ನಿಲ್ಲುತ್ತದೆ. ಗೂಟ 20ರಲ್ಲಿದ್ದಾಗ ನಡುವಿನಿಂದ ಸುಮಾರು 5 ಸೆಂ.ಮೀ. ಸರಿದು ನಿಲ್ಲುತ್ತದೆ. ಎಲಾಸ್ಟಿಕ್ ಕಟ್ಟಿದ್ದಾಗ 12 ದಾಟಿ, ದಾರ ಬಿಗಿಯಾಗುವವರೆಗೆ ಓಡಿಬಿಡುತ್ತದೆ. ಒಳಗಡೆ ಅದಕ್ಕೆ ಸಮತೋಲನದ ಬಿಂದುವೇ ಉಳಿದಿಲ್ಲ. ಘರ್ಷಣೆಯಿಂದ ನಿಂತದ್ದಾದರೆ ಇದ್ದಲ್ಲಿಂದ ಕದಲುವುದೇ ಇಲ್ಲ. ಓರೆ ಹೆಚ್ಚಿಸುತ್ತಾ ಹೋದರೆ ಸುಮಾರು 6 ಡಿಗ್ರಿಯಲ್ಲಿ 16 ಸೆಂ.ಮೀ. ಜೋಡಣೆಯ ಮೇಲಿನ ತಗ್ಗು ಉಬ್ಬಿನೊಂದಿಗೆ ಸೇರಿ ಮಾಯವಾಗುತ್ತದೆ. ಅಲ್ಲಿ ಎರಡು ಬಾಣವೂ ಒಂದೇ ಕಡೆ ನೋಡುವ ಬಿಂದು ಕ್ಷಣಮಟ್ಟಿಗೆ ಸಿಗುತ್ತದೆ.

20 ಸೆಂ.ಮೀ. ಜೋಡಣೆಯಲ್ಲಿ ಗೂಟದ ಜಾಗ ಬಹಳ ಸೂಕ್ಷ್ಮ. 19.8ರಲ್ಲಿ ಕೂತರೆ ನಡುವೆ 0.04 ಮಿಲಿಜೌಲಿನ ಉಬ್ಬು ಎದ್ದು, 2.8 ಸೆಂ.ಮೀ.ನಲ್ಲಿ ಎರಡು ತಗ್ಗು ಹುಟ್ಟುತ್ತವೆ. ಅಷ್ಟು ಸಣ್ಣದನ್ನು ರೋಲರಿನ ಘರ್ಷಣೆಯೇ ಮುಚ್ಚಿಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಗೂಟವನ್ನು ಒಮ್ಮೆ 19ಕ್ಕೂ ಒಮ್ಮೆ 21ಕ್ಕೂ ಹಾಕಿ ನೋಡುವುದು ಒಳ್ಳೆಯದು. 19ರಲ್ಲಿ ಗಾಡಿಯನ್ನು ನಡುವೆ ಬಿಟ್ಟು ಟ್ರ್ಯಾಕ್ ತಟ್ಟಿದರೆ 6.2 ಸೆಂ.ಮೀ.ನ ಕಡೆಗೆ ಜರುಗುತ್ತದೆ, 21ರಲ್ಲಿ ಹೊರಗೆ ಬಿಟ್ಟರೂ ನಡುವಿಗೆ ಬರುತ್ತದೆ. ಎರಡರಲ್ಲೂ ಹೀಗೆ ಆಗದಿದ್ದರೆ ಗೂಟ ಬಿಟ್ಟು ರೋಲರ್ ನೋಡಬೇಕು, ಇಲ್ಲವೇ ಏರಿಯಲ್ಲಿನ ಗಿಣ್ಣಿನಲ್ಲಿ ಸ್ಪ್ರಿಂಗ್ ಸಿಕ್ಕಿಕೊಂಡಿದೆಯೇ ಎಂದು ಬಿಚ್ಚಿ ನೋಡಬೇಕು.