ಸೈನ್ ಸರಣಿಯನ್ನು ಎಲ್ಲಿ ಕತ್ತರಿಸಬಹುದು?

ಪುಣೆಯ ಭೋಸರಿಯಲ್ಲಿ ಮೋಟಾರ್ ಡ್ರೈವ್‌ಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಂದು ಚಿಕ್ಕ ಚಿಪ್‌ನಲ್ಲಿ sin x ಬೇಕಾಗಿತ್ತು. ಲೈಬ್ರರಿ ಫಂಕ್ಷನ್ ತುಂಬ ಸಮಯ ತಿನ್ನುತ್ತಿತ್ತು. ಹಾಗಾಗಿ ಟೇಲರ್ ಸರಣಿಯ ಮೊದಲ ಮೂರು ಪದ ಮಾತ್ರ ಇಟ್ಟುಕೊಂಡೆ:

x − x³/6 + x⁵/120

ಔಟ್‌ಪುಟ್ 12 ಬಿಟ್. −1ರಿಂದ 1ರವರೆಗೆ 4096 ಮೆಟ್ಟಿಲು, ಒಂದೊಂದೂ ಸುಮಾರು 0.0005. ತಪ್ಪು ಅರ್ಧ ಮೆಟ್ಟಿಲಿಗಿಂತ, ಅಂದರೆ 0.00024ಕ್ಕಿಂತ, ಕಡಿಮೆ ಇರಬೇಕು.

ಮೊದಲು ಪೇಪರ್ ಮೇಲೆ ಲಾಗ್ರಾಂಜ್ ಶೇಷ ಬರೆದೆ. sin ಅನ್ನು ಎಷ್ಟು ಸಲ ಡಿಫರೆನ್ಷಿಯೇಟ್ ಮಾಡಿದರೂ ಬರುವುದು sin ಅಥವಾ cos, ಚಿಹ್ನೆ ಬದಲಾಗಬಹುದು ಅಷ್ಟೇ. ಯಾವುದೂ 1 ದಾಟುವುದಿಲ್ಲ. x⁶ ಪದ ಹೇಗೂ ಸೊನ್ನೆ, ಆದ್ದರಿಂದ ನಮ್ಮ ಬಹುಪದಿಯನ್ನು ಆರನೇ ಘಾತದ್ದು ಅಂತಲೇ ಲೆಕ್ಕ ಹಿಡಿಯಬಹುದು. ತಪ್ಪಿನ ಮಿತಿ |x|⁷/5040.

x = π/2 ಹಾಕಿದರೆ ಮಿತಿ 0.0047. ನಿಜವಾದ ತಪ್ಪು 0.0045, ಒಂಬತ್ತು ಮೆಟ್ಟಿಲಿನಷ್ಟು. ಇದು ನಡೆಯಲ್ಲ. ಇನ್ನೊಂದು ಪದ ಸೇರಿಸಬಹುದಿತ್ತು, ಆದರೆ ನನಗೆ x ಅನ್ನೇ ಚಿಕ್ಕದು ಮಾಡುವುದು ಇಷ್ಟ. ಏಳನೇ ಘಾತ ಇರುವುದರಿಂದ x ಅರ್ಧವಾದರೆ ಮಿತಿ 128 ಪಾಲು ಇಳಿಯುತ್ತದೆ! π/4ರಲ್ಲಿ ಅದು 0.000037. ಅಲ್ಲಿಂದ ಮೇಲಿನ ಕೋನಗಳಿಗೆ sin x = cos(π/2 − x) ಬಳಸಿದೆ. cos ಸರಣಿಯನ್ನು x⁴ಕ್ಕೆ ನಿಲ್ಲಿಸಿದರೆ ಮಿತಿ x⁶/720, ಅಂದರೆ 0.00033, ಸಾಲದು. x⁶ ಪದವನ್ನೂ ಸೇರಿಸಿದ ಮೇಲೆ 0.000004ಕ್ಕೆ ಬಂತು.

```c
float x2 = x * x;
float s = x * (1.0f - x2 / 6.0f * (1.0f - x2 / 20.0f));
```

ನಮ್ಮ ತಂಡದ ವಿಜಯಪುರದ ಹುಡುಗ ಕೇಳಿದ: "ಸರ್, ಬಿಟ್ಟ ಮೊದಲ ಪದ ನೋಡಿದ್ರ ಸಾಕಲ್ರಿ? ಈ ಶೇಷ ಯಾಕ್ ಬೇಕ್ರಿ?" ಒಳ್ಳೆಯ ಪ್ರಶ್ನೆ. ಇಲ್ಲಿ ಸಾಕು, ಏಕೆಂದರೆ ಚಿಹ್ನೆಗಳು ಅದಲುಬದಲಾಗುತ್ತವೆ, ಪದಗಳೂ ಸಣ್ಣದಾಗುತ್ತಾ ಹೋಗುತ್ತವೆ. eˣನಲ್ಲಿ ಅದು ಕೈಕೊಡುತ್ತದೆ. x = 1 ಇಟ್ಟು x³/6 ಪದದವರೆಗೆ ಕೂಡಿದರೆ 2.6667. ಬಿಟ್ಟ ಮೊದಲ ಪದ 1/24, ಅಂದರೆ 0.0417. ಆದರೆ ತಪ್ಪು 0.0516, ಅದಕ್ಕಿಂತ ಜಾಸ್ತಿ! ಅದರ ನಂತರ ಬರುವ ಪದಗಳೆಲ್ಲ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ ಅಲ್ವಾ? ಲಾಗ್ರಾಂಜ್ ಪ್ರಕಾರ ಮಿತಿ e/24. e ಗೊತ್ತಿಲ್ಲದಿದ್ದರೆ 3 ಅಂತ ಹಿಡಿಯಿರಿ, 0.125 ಬರುತ್ತದೆ. ಸಡಿಲ ನಿಜ, ಆದರೆ ಸುಳ್ಳಲ್ಲ.

ಕೋನವನ್ನು ಇಳಿಸದೆ ಸುಮ್ನೆ ಪದ ಸೇರಿಸುತ್ತಾ ಹೋಗುವವರಿಗೆ ಒಂದು ಮಾತು. ಈ ಮಿತಿ ಹೇಳುವುದು ಕತ್ತರಿಸಿದ್ದರ ತಪ್ಪನ್ನು ಮಾತ್ರ. x = 10 ಆದಾಗ ಸರಣಿಯ ಮಧ್ಯದ ಪದಗಳು 2700 ದಾಟುತ್ತವೆ. `float`ನಲ್ಲಿ ಅಷ್ಟು ದೊಡ್ಡ ಸಂಖ್ಯೆಯ ರೌಂಡಿಂಗ್ ಒಂದೇ 0.0001ರಷ್ಟಾಗಬಹುದು. ಎಷ್ಟು ಪದ ಸೇರಿಸಿದರೂ ಅದು ಹೋಗಲ್ಲ.

ಕೊನೆಗೆ ಪಿಸಿಯಲ್ಲಿ 0ಯಿಂದ π/4ವರೆಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ `double`ನ `sin()` ಜೊತೆ ಹೋಲಿಸಿದೆ. ಅತಿ ದೊಡ್ಡ ವ್ಯತ್ಯಾಸ π/4ರಲ್ಲೇ ಸಿಕ್ಕಿತು, 0.000036. ಮಿತಿ 0.000037 ಇತ್ತಲ್ಲ, ಅದರ ಒಳಗೇ ಇದೆ. ಮಿತಿ ದಾಟಿದ್ದರೆ ಕೋಡ್‌ನಲ್ಲಿ ಯಾವುದೋ ಚಿಹ್ನೆಯೋ ಭಾಜಕವೋ ತಪ್ಪಿದೆ ಅಂತ ಹುಡುಕುತ್ತಿದ್ದೆ.